ವಿಷಯ: ಪಾಸ್‌ವರ್ಡ್ ಬದಲಾದ ಮೇಲೆ ನಿಂತ ಆರ್ಡರ್ ಕನೆಕ್ಟರ್ – ಐದನೇ ಹಾಗೂ ಕೊನೆಯ ದೂರು

ಗ್ರಾಹಕ ಸೇವಾ ವ್ಯವಸ್ಥಾಪಕರಿಗೆ,

ಮಾನ್ಯರೇ,

ನಾವು ದಾವಣಗೆರೆಯ ಔಷಧಿ ಸಗಟು ವ್ಯಾಪಾರಿಗಳು. ಮೆಡಿಕಲ್ ಶಾಪ್‌ನವರು ನಿಮ್ಮ ಆ್ಯಪ್‌ನಲ್ಲಿ ಹಾಕುವ ಆರ್ಡರ್, ನೀವೇ ಕೊಟ್ಟ ಕನೆಕ್ಟರ್ ಮೂಲಕ ನಮ್ಮ ಬಿಲ್ಲಿಂಗ್‌ಗೆ ಬರುತ್ತದೆ. ವರ್ಷದ ಹಣ ಮುಂಗಡವಾಗಿ ಕಟ್ಟಿದ್ದೇವೆ.

ನಿಮ್ಮ 90 ದಿನದ ನಿಯಮದಂತೆ ಶನಿವಾರ ರಾತ್ರಿ ಸರ್ವಿಸ್ ಅಕೌಂಟಿನ ಪಾಸ್‌ವರ್ಡ್ ಬದಲಾಯಿಸಿದಿರಿ. ಹೊಸದನ್ನು ಪೋರ್ಟಲ್‌ನಿಂದ ಕಾಪಿ ಮಾಡಿ ಕನೆಕ್ಟರ್‌ಗೆ ಹಾಕಿದೆ. ಅಲ್ಲಿಂದ ಲಾಗ್ ತುಂಬಾ `401 Unauthorized`. ಅದೇ ಪಾಸ್‌ವರ್ಡ್ ನಿಮ್ಮ ವೆಬ್‌ಸೈಟಿನಲ್ಲಿ ಹಾಕಿದರೆ ಸಲೀಸಾಗಿ ಲಾಗಿನ್ ಆಗುತ್ತದೆ.

ಸೋಮವಾರ ಮಧ್ಯಾಹ್ನ ನಾಲ್ಕನೇ ಸಲ ಫೋನ್ ಮಾಡಿದೆ. "ತಪ್ಪು ಟೈಪ್ ಮಾಡಿರ್ತೀರ ಸರ್" ಎಂದರು ನಿಮ್ಮವರು. ಕಾಪಿ ಮಾಡಿದ್ದು ಎಂದೆ. "ಒಂದೊಂದೇ ಅಕ್ಷರ ಓದಿ." ಪಾಸ್‌ವರ್ಡನ್ನು ಯಾರಿಗೂ ಫೋನಿನಲ್ಲಿ ಹೇಳಬೇಡಿ ಎಂದು ಪ್ರತಿ ಮೇಲ್‌ನ ಕೆಳಗೆ ಬರೆಯುವವರು ನೀವೇ ಅಲ್ಲವೇ? ಬೇರೆ ದಾರಿ ಇಲ್ಲದೆ, ಕೌಂಟರ್ ಮುಂದೆ ನಾಲ್ಕು ಜನ ನಿಂತಿರುವಾಗಲೇ ಓದಿದೆ. ಕೆ ದೊಡ್ಡದು, ಡಿ ಚಿಕ್ಕದು, ಏಳು, ಪ್ಲಸ್. "ಪ್ಲಸ್ ಅಂದ್ರೆ ಕೂಡೋ ಚಿಹ್ನೆನಾ?" ಹೌದು ಎಂದೆ. ಮತ್ತೆ ಮೊದಲಿನಿಂದ ಓದಿಸಿದರು. ಕೊನೆಗೆ, "ನಮ್ ಕಡೆ ಲಾಗಿನ್ ಆಗ್ತಿದೆ. ಅಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಕೊಡಿ" ಎಂದರು. ಈ ಅಂಗಡಿಯ ಕಂಪ್ಯೂಟರುಗಳನ್ನು 11 ವರ್ಷದಿಂದ ನೋಡಿಕೊಳ್ಳುತ್ತಿರುವವನು ನಾನೇ. ಕೌಂಟರಿನ ಹುಡುಗರು ತಲೆ ತಗ್ಗಿಸಿ ಬಿಲ್ ಬರೆಯತೊಡಗಿದರು.

ಅವರು ಎರಡು ಸಲ ಕೇಳಿಯೂ ದಾಟಿಹೋದ ಆ ಪ್ಲಸ್ಸೇ ಕಾರಣ. ಫಾರ್ಮ್ ರೂಪದಲ್ಲಿ ಕಳಿಸುವಾಗ `+` ಎಂದರೆ ಖಾಲಿ ಜಾಗ. ನಿಜವಾದ ಪ್ಲಸ್ ಹೋಗಬೇಕಾದರೆ ಅದನ್ನು `%2B` ಎಂದು ಬರೆಯಬೇಕು. ಬ್ರೌಸರ್ ಇದನ್ನು ತಾನೇ ಮಾಡುತ್ತದೆ, ನಿಮ್ಮ ಕನೆಕ್ಟರ್ ಮಾಡುವುದಿಲ್ಲ. ಹಳೆಯ ಪಾಸ್‌ವರ್ಡಿನಲ್ಲಿ ಬರೀ ಅಕ್ಷರ, ಅಂಕಿ ಇದ್ದುದರಿಂದ ಈ ದೋಷ ಹೊರಬಿದ್ದಿರಲಿಲ್ಲ. ರಾತ್ರಿ ಕೂತು ನಾನೇ ಪರೀಕ್ಷಿಸಿದೆ (ಇಲ್ಲಿರುವುದು ಮಾದರಿ ಪಾಸ್‌ವರ್ಡ್):

```
curl -d 'user=svc' -d 'password=Kd7+mQ2x' $URL
# 401
curl -d 'user=svc' --data-urlencode 'password=Kd7+mQ2x' $URL
# 200
```

ಸಾಲದ್ದಕ್ಕೆ, ಕನೆಕ್ಟರ್ ನಿಮಿಷಕ್ಕೊಮ್ಮೆ ಅದೇ ತಪ್ಪು ಪಾಸ್‌ವರ್ಡ್ ಕಳಿಸುತ್ತಾ ಹೋಗಿ ಮಂಗಳವಾರ ಅಕೌಂಟೇ ಲಾಕ್ ಆಯಿತು. ಆಮೇಲೆ ಸರಿಯಾದ ಪಾಸ್‌ವರ್ಡಿಗೂ 401. ಅದಕ್ಕೂ ನಮ್ಮನ್ನೇ ದೂರಿದಿರಿ.

ಆ ಎರಡು ದಿನ ಆರ್ಡರುಗಳನ್ನು ಕೈಯಲ್ಲಿ ಬರೆದುಕೊಂಡೆವು. ಹರಿಹರದ ಒಂದು ಅಂಗಡಿಯ ಇನ್ಸುಲಿನ್ ಆರ್ಡರ್ ತಪ್ಪಿಹೋಯಿತು. ರೋಗಿಯ ಮಗ ಬಂದು ಬರಿಗೈಲಿ ಹೋದ ಎಂದು ಅಂಗಡಿಯವರು ರಾತ್ರಿ ಫೋನ್ ಮಾಡಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಈ ಶುಕ್ರವಾರ ಸಂಜೆಯೊಳಗೆ ಸರಿಪಡಿಸಿದ ಕನೆಕ್ಟರ್ ಮತ್ತು ತಪ್ಪು ನಿಮ್ಮದೆಂಬ ಲಿಖಿತ ಉತ್ತರ ಬರಬೇಕು. ಬಾರದಿದ್ದರೆ ಶನಿವಾರ ವಕೀಲರ ನೋಟಿಸ್ ಬರುತ್ತದೆ, ನವೀಕರಣದ ಹಣ ಬರುವುದಿಲ್ಲ. ನಿಮ್ಮ ಕನೆಕ್ಟರ್ ಬಳಸುವ ಜಿಲ್ಲೆಯ ಸಗಟು ವ್ಯಾಪಾರಿಗಳೆಲ್ಲರಿಗೂ ಈ ಪತ್ರವನ್ನೂ ನನ್ನ ಲಾಗನ್ನೂ ಕಳಿಸುತ್ತೇನೆ.

ಇಂತಿ,
ಕಂಪ್ಯೂಟರ್ ಗೊತ್ತಿರುವವನು