ಬಾಂಡ್ ದರಪಟ್ಟಿಯಲ್ಲಿ ಇನ್ನು ಮುಂದೆ ವೈಟಿಎಂ ಮೊದಲು

ಮೈಸೂರು

ಮಾನ್ಯ ಗ್ರಾಹಕರೇ,

ನಮಸ್ಕಾರ. ಪ್ರತಿ ಸೋಮವಾರ ನಿಮಗೆ ಕಳಿಸುವ ಬಾಂಡ್ ದರಪಟ್ಟಿಯಲ್ಲಿ ಮುಂದಿನ ತಿಂಗಳಿಂದ ಒಂದು ಬದಲಾವಣೆ ಮಾಡುತ್ತಿದ್ದೇವೆ. ಇದುವರೆಗೆ ಬಾಂಡಿನ ಹೆಸರಿನ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಕೂಪನ್ ದರ ಇರುತ್ತಿತ್ತು. ಇನ್ನು ಆ ಜಾಗಕ್ಕೆ ವೈಟಿಎಂ ಬರುತ್ತದೆ. ಬಾಂಡನ್ನು ಇವತ್ತಿನ ಬೆಲೆಗೆ ಕೊಂಡು ಅವಧಿ ಮುಗಿಯುವ ತನಕ ಇಟ್ಟುಕೊಂಡರೆ ನಿಮ್ಮ ಹಣಕ್ಕೆ ವರ್ಷಕ್ಕೆ ಶೇಕಡಾ ಎಷ್ಟು ಬಿದ್ದಂತಾಯಿತು ಎಂಬ ಲೆಕ್ಕ ಅದು. ಕೂಪನ್ ಪಕ್ಕದ ಕಾಲಂಗೆ ಹೋಗುತ್ತದೆ. ಮೂರನೆಯ ಕಾಲಂನಲ್ಲಿ ಒಂದು ಬಾಂಡಿಗೆ ವರ್ಷಕ್ಕೆ ಖಾತೆಗೆ ಬರುವ ಬಡ್ಡಿಯನ್ನು ರೂಪಾಯಿಯಲ್ಲೇ ಬರೆಯುತ್ತೇವೆ.

ನಮ್ಮ ಪಟ್ಟಿಯಲ್ಲಿ ಈಗ ಹೆಚ್ಚಿನವು ಹೊಸದಾಗಿ ಹೊರಡಿಸಿದ ಬಾಂಡ್‌ಗಳಲ್ಲ, ಮಾರುಕಟ್ಟೆಯಲ್ಲಿ ಕೈ ಬದಲಾಗುತ್ತಿರುವವು. ಅವುಗಳಲ್ಲಿ ಹಲವು ಮುಖಬೆಲೆಗಿಂತ ಕಡಿಮೆಗೆ ಸಿಗುತ್ತಿವೆ. ಅಂಥ ಬಾಂಡಿನ ಕೂಪನ್ ದರವೊಂದನ್ನೇ ನೋಡಿದರೆ ನಿಜವಾದ ಆದಾಯ ತಿಳಿಯುವುದಿಲ್ಲ. ಕೂಪನ್ ಲೆಕ್ಕವಾಗುವುದು ಮುಖಬೆಲೆಯ ಮೇಲೆ. ನೀವು ಕೊಡುವ ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಖಬೆಲೆ 1,000 ರೂಪಾಯಿ, ಕೂಪನ್ 7%, ಬಡ್ಡಿ ವರ್ಷಕ್ಕೊಮ್ಮೆ, ಅವಧಿ ಮುಗಿಯಲು ಸರಿಯಾಗಿ 4 ವರ್ಷ ಬಾಕಿ, ಬೆಲೆ 940. ವರ್ಷಕ್ಕೆ ಬರುವುದು 70 ರೂಪಾಯಿ. ನೀವು ಹಾಕಿದ್ದು 940 ಆದ್ದರಿಂದ ಬಡ್ಡಿಯಷ್ಟನ್ನೇ ನೋಡಿದರೂ 7.45% ಆಯಿತು. ಇದರ ಮೇಲೆ ನಾಲ್ಕನೆಯ ವರ್ಷದ ಕೊನೆಗೆ ಕಂಪನಿ 940 ಅಲ್ಲ, ಪೂರಾ 1,000 ಹಿಂದಿರುಗಿಸುತ್ತದೆ. ಆ 60 ರೂಪಾಯಿಯೂ ನಿಮ್ಮ ಆದಾಯವೇ.

ಇಲ್ಲಿ ಅನೇಕರು ಒಂದು ಅಡ್ಡದಾರಿ ಹಿಡಿಯುತ್ತಾರೆ. 60ನ್ನು 4ರಿಂದ ಭಾಗಿಸಿ ವರ್ಷಕ್ಕೆ 15, ಅದಕ್ಕೆ 70 ಸೇರಿಸಿ 85, ಅದನ್ನು 940ರಿಂದ ಭಾಗಿಸಿ 9.04% ಎನ್ನುತ್ತಾರೆ. ಇದು ಹೆಚ್ಚಾಯಿತು. ಆ 15 ರೂಪಾಯಿ ವರ್ಷವರ್ಷ ನಿಮ್ಮ ಕೈಗೆ ಬರುವುದಿಲ್ಲ, 60 ಒಟ್ಟಿಗೆ ಕೊನೆಯಲ್ಲಿ ಬರುತ್ತದೆ. ನಾಲ್ಕು ವರ್ಷ ತಡವಾಗಿ ಬರುವ ಹಣವನ್ನು ಇವತ್ತಿನ ಹಣದಂತೆ ಎಣಿಸಲಾಗದು. ಬೆಲೆ ಮತ್ತು ಮುಖಬೆಲೆಯ ಸರಾಸರಿಯಾದ 970ರಿಂದ 85ನ್ನು ಭಾಗಿಸಿದರೆ 8.76% ಬರುತ್ತದೆ. ಪೆನ್ನು ಕಾಗದದಲ್ಲಿ ಅಂದಾಜಿಗೆ ಇಷ್ಟು ಸಾಕು, ಆದರೆ ಇದು ಸ್ವಲ್ಪ ಕಡಿಮೆ ತೋರಿಸುತ್ತದೆ.

ಸರಿಯಾದ ವೈಟಿಎಂ 8.85%. ಪರೀಕ್ಷಿಸುವುದು ಹೀಗೆ: ಮುಂದೆ ಬರುವ ಪ್ರತಿ ಮೊತ್ತವನ್ನೂ ಈ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿ. ಮೊದಲ ವರ್ಷದ 70ಕ್ಕೆ ಇವತ್ತಿನ ಬೆಲೆ 64.31, ಎರಡನೆಯದಕ್ಕೆ 59.08, ಮೂರನೆಯದಕ್ಕೆ 54.28, ಕೊನೆಯ ಬಡ್ಡಿ ಮತ್ತು ಅಸಲು ಸೇರಿ 1,070ಕ್ಕೆ 762.20. ಕೂಡಿದರೆ 939.87. ನಿಖರ ದರ 8.846% ಆಗಿರುವುದರಿಂದ 13 ಪೈಸೆ ವ್ಯತ್ಯಾಸ ಉಳಿದಿದೆ. ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ನೀವೇ ತಾಳೆ ನೋಡಬಹುದು:

```
=RATE(4,70,-940,1000)
```

940ರ ಹಿಂದಿನ ಮೈನಸ್ ಬಿಡಬೇಡಿ. ಅದು ನಿಮ್ಮ ಕೈಯಿಂದ ಹೋಗುವ ಹಣ, ಉಳಿದವು ಬರುವ ಹಣ. ಮೈನಸ್ ಬಿಟ್ಟರೆ #NUM! ಎಂದು ಬರುತ್ತದೆ.

ಬಡ್ಡಿ ಆರು ತಿಂಗಳಿಗೊಮ್ಮೆ ಬರುವ ಬಾಂಡ್‌ಗಳಲ್ಲಿ ಇನ್ನೊಂದು ಗೊಂದಲವಿದೆ. ನಮ್ಮ ಕೇಂದ್ರ ಸರ್ಕಾರದ ಸಾಲಪತ್ರಗಳು ಈ ಬಗೆಯವು. ಮೇಲಿನ ಬಾಂಡೇ 35 ರೂಪಾಯಿಯಂತೆ ಎಂಟು ಕಂತಿನಲ್ಲಿ ಬಡ್ಡಿ ಕೊಟ್ಟರೆ ಅರ್ಧ ವರ್ಷದ ದರ ಸುಮಾರು 4.406%. ಮಾರುಕಟ್ಟೆಯ ರೂಢಿಯಲ್ಲಿ ಅದನ್ನು ಎರಡರಿಂದ ಗುಣಿಸಿ 8.81% ಎನ್ನುತ್ತಾರೆ. ಆದರೆ ಬಡ್ಡಿ ಬೇಗ ಬರುವುದರಿಂದ ವಾರ್ಷಿಕ ಲೆಕ್ಕದಲ್ಲಿ ಅದು 9.01%. ಒಂದನ್ನು ಒಂದು ಅಳತೆಯಲ್ಲಿ, ಮತ್ತೊಂದನ್ನು ಇನ್ನೊಂದು ಅಳತೆಯಲ್ಲಿ ಬರೆದರೆ ಹೋಲಿಕೆ ತಪ್ಪುತ್ತದೆ. ಹಾಗಾಗಿ ಹೊಸ ಪಟ್ಟಿಯಲ್ಲಿ ಎಲ್ಲವನ್ನೂ ವಾರ್ಷಿಕ ಲೆಕ್ಕದಲ್ಲೇ ಹಾಕುತ್ತೇವೆ. ಬೇರೆಡೆ ಕಂಡ ಅಂಕಿ ನಮ್ಮದಕ್ಕಿಂತ ಕಾಲು ಪರ್ಸೆಂಟಿನಷ್ಟು ಆಚೀಚೆ ಇದ್ದರೆ ಮೊದಲು ಇದನ್ನೇ ಕೇಳಿ.

ಎರಡು ಬಡ್ಡಿ ದಿನಗಳ ನಡುವೆ ಕೊಂಡಾಗ ಬಿಲ್ಲಿನ ಮೊತ್ತ ಪಟ್ಟಿಯ ಬೆಲೆಗಿಂತ ಹೆಚ್ಚಿರುತ್ತದೆ. 940ಕ್ಕೆ ಸಿಗುವ, ವರ್ಷಕ್ಕೊಮ್ಮೆ 70 ಕೊಡುವ ಬಾಂಡಿನಲ್ಲಿ ಕಳೆದ ಬಡ್ಡಿ ಬಂದು ಐದು ತಿಂಗಳಾಗಿದ್ದರೆ ಆ ಐದು ತಿಂಗಳ ಬಡ್ಡಿ, ಸುಮಾರು 29.17 ರೂಪಾಯಿ, ಮಾರುವವರಿಗೆ ಸೇರಬೇಕಾದದ್ದು. ಅದನ್ನು ನೀವು ಬೆಲೆಯ ಜೊತೆಗೆ ಕೊಡುತ್ತೀರಿ. ಮುಂದಿನ ಬಡ್ಡಿ ಪೂರಾ 70 ಬಂದಾಗ ನಿಮಗೆ ವಾಪಸಾಗುತ್ತದೆ. ಬಿಲ್ಲಿನಲ್ಲಿ 969.17 ಕಂಡು ರಿಯಾಯಿತಿ 31 ರೂಪಾಯಿಗೆ ಇಳಿಯಿತು ಎಂದುಕೊಳ್ಳಬೇಡಿ, ರಿಯಾಯಿತಿ 60ರಲ್ಲೇ ಇದೆ. ಇನ್ನು ಬಿಲ್ಲಿನಲ್ಲಿ ಈ ಎರಡು ಮೊತ್ತ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ.

ಪಟ್ಟಿಯಲ್ಲಿ 8.85% ಎಂದಿದ್ದರೂ ಪಾಸ್‌ಬುಕ್ಕಿಗೆ ಬರುವುದು 70 ರೂಪಾಯಿಯೇ. ತಿಂಗಳ ಖರ್ಚಿಗೆ ಬಡ್ಡಿಯನ್ನೇ ನೆಚ್ಚಿಕೊಂಡಿರುವ ನಿವೃತ್ತರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮೂರನೆಯ ಕಾಲಂ ಇಟ್ಟಿರುವುದೇ ಅವರಿಗಾಗಿ. ಅವರಿಗೆ ವೈಟಿಎಂ ತುಸು ಕಡಿಮೆ ಇದ್ದರೂ ಕೂಪನ್ ಹೆಚ್ಚಿರುವ ಬಾಂಡೇ ಅನುಕೂಲ ಎಂಬುದು ನಮ್ಮ ಅಭಿಪ್ರಾಯ. ಬಡ್ಡಿಯನ್ನು ಖರ್ಚು ಮಾಡದೆ ಕೂಡಿಡುವವರಿಗೆ ಬೇರೊಂದು ಮಾತಿದೆ. ನಾಲ್ಕು ವರ್ಷಕ್ಕೆ ನಿಮ್ಮ 940 ನಿಜಕ್ಕೂ 8.85%ರಂತೆ ಬೆಳೆಯಬೇಕಾದರೆ ಬಂದ ಪ್ರತಿ 70ನ್ನೂ ಅದೇ ದರಕ್ಕೆ ಮತ್ತೆ ಹೂಡಬೇಕು. ಅದು 3% ಬಡ್ಡಿಯ ಉಳಿತಾಯ ಖಾತೆಯಲ್ಲೇ ಕುಳಿತರೆ ಕೊನೆಗೆ ಕೂಡುವುದು 1,292.85, ಅಂದರೆ ಒಟ್ಟು ಬೆಳವಣಿಗೆ ವರ್ಷಕ್ಕೆ 8.29% ಅಷ್ಟೆ.

ವೈಟಿಎಂ ಮೊದಲ ಕಾಲಂಗೆ ಬಂದಿತೆಂದು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿ ದೊಡ್ಡ ಅಂಕಿಯನ್ನೇ ಆರಿಸಬೇಡಿ. ಬೆಲೆ ಇಳಿಯಲು ಸಾಮಾನ್ಯವಾಗಿ ಎರಡು ಕಾರಣ. ಬಾಂಡ್ ಹೊರಟ ಮೇಲೆ ಮಾರುಕಟ್ಟೆಯ ಬಡ್ಡಿ ಏರಿದರೆ ಹಳೆಯ 7% ಕೂಪನ್ನಿಗೆ ಯಾರೂ 1,000 ಕೊಡುವುದಿಲ್ಲ, ಇದರಲ್ಲಿ ಭಯಪಡುವಂಥದ್ದಿಲ್ಲ. ಕಂಪನಿಯ ಮೇಲೆಯೇ ನಂಬಿಕೆ ಕುಗ್ಗಿದರೂ ಬೆಲೆ ಇಳಿಯುತ್ತದೆ. ವೈಟಿಎಂ ಲೆಕ್ಕ ಎಲ್ಲ ಕಂತೂ ಹೇಳಿದ ದಿನ ಬರುತ್ತದೆ ಎಂದೇ ಹಿಡಿದಿರುತ್ತದೆ, ಹಣ ಬಾರದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಯಾವ ಕಾರಣ ಎಂದು ತಿಳಿಯಲು ಅಷ್ಟೇ ಅವಧಿ ಬಾಕಿ ಇರುವ ಸರ್ಕಾರಿ ಸಾಲಪತ್ರದ ವೈಟಿಎಂ ಜೊತೆ ಇಟ್ಟು ನೋಡಿ. ಅದೂ ಏರಿದ್ದರೆ ಮೊದಲನೆಯದು. ಅದು ಇದ್ದಲ್ಲೇ ಇದ್ದು ಈ ಬಾಂಡಿನದು ಮಾತ್ರ ಜಿಗಿದಿದ್ದರೆ ಎರಡನೆಯದು, ಆಗ ರೇಟಿಂಗ್ ಏಜೆನ್ಸಿಯ ಇತ್ತೀಚಿನ ವರದಿ ಓದದೆ ಕೈಹಾಕಬೇಡಿ. ಹೋಲಿಕೆಗೆಂದು ಪಟ್ಟಿಯ ಕೊನೆಯ ಸಾಲಿನಲ್ಲಿ ಸರ್ಕಾರಿ ಸಾಲಪತ್ರದ ದರವನ್ನೂ ಕೊಡುತ್ತೇವೆ.

ಪಟ್ಟಿಯ ದರಗಳೆಲ್ಲ ತೆರಿಗೆಗೆ ಮುಂಚಿನವು. ಅವಧಿಗೆ ಮೊದಲೇ ಮಾರಿದರೆ ಆ ದಿನದ ಬೆಲೆಯ ಮೇಲೆ ನಿಮ್ಮ ಆದಾಯ ನಿಲ್ಲುತ್ತದೆ, ಕೊಂಡ ದಿನದ ವೈಟಿಎಂ ಆಗ ಲೆಕ್ಕಕ್ಕಿಲ್ಲ.

ಈಗಾಗಲೇ ನಮ್ಮಲ್ಲಿ ಬಾಂಡ್ ಕೊಂಡವರು ಹಳೆಯ ಬಿಲ್ಲು ತಂದರೆ ನೀವು ಕೊಟ್ಟ ಬೆಲೆಯ ಮೇಲಿನ ವೈಟಿಎಂ ತೆಗೆದು ಬರೆದುಕೊಡುತ್ತೇವೆ, ಇದಕ್ಕೆ ಶುಲ್ಕವಿಲ್ಲ. ಮಂಡ್ಯ ಕಡೆಯ ಗ್ರಾಹಕರು ಇದಕ್ಕಾಗಿ ಮೈಸೂರಿಗೆ ಬರಬೇಕಿಲ್ಲ. ಕೊಂಡ ದಿನಾಂಕ ಮತ್ತು ಬೆಲೆ ಕಾಣುವಂತೆ ಬಿಲ್ಲಿನ ಫೋಟೋ ವಾಟ್ಸಾಪ್ ಮಾಡಿ.

ಇಂತಿ ತಮ್ಮ ವಿಶ್ವಾಸಿಗಳು,
ಬಾಂಡ್ ವಿಭಾಗ