ಕಿಮೋ ಔಷಧಿಗಳ ಅಡ್ಡಪರಿಣಾಮ ಎಲ್ಲಕ್ಕೂ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದ ಕಿಮೋಥೆರಪಿ ಲೇಖನ ಓದಿದೆ. ಜೀವಕೋಶ ಒಂದು ಎರಡಾಗುವಾಗ ದಾಟುವ ಹಂತಗಳು, ಯಾವ ಔಷಧಿ ಯಾವ ಹಂತದಲ್ಲಿ ಅದನ್ನು ಹಿಡಿಯುತ್ತದೆ ಎಂಬ ಪಟ್ಟಿ ಚೆನ್ನಾಗಿತ್ತು. ಆದರೆ ಅಡ್ಡಪರಿಣಾಮಕ್ಕೆ ಎಲ್ಲಕ್ಕೂ ಸೇರಿಸಿ ಒಂದೇ ಸಾಲು ಬರೆದಿದ್ದರು: ಕೂದಲು ಉದುರುತ್ತದೆ, ವಾಂತಿ ಆಗುತ್ತದೆ, ರಕ್ತಕಣ ಕಡಿಮೆಯಾಗುತ್ತವೆ. ಕಿಮೋ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್ ಆಗಿರುವ ನನಗೆ ಅಷ್ಟಕ್ಕೇ ಬಿಟ್ಟದ್ದು ಸರಿ ಅನ್ನಿಸಲಿಲ್ಲ.

ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ ಕೊಡುವ ಚಾಪ್ ಎಂಬ ನಾಲ್ಕು ಔಷಧಿಗಳ ಚಿಕಿತ್ಸೆಯನ್ನೇ ನೋಡಿ. ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಆರು ಸಲ. ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್ ಈ ಮೂರನ್ನೂ ಒಂದೇ ದಿನ ರಕ್ತನಾಳಕ್ಕೆ ಕೊಡುತ್ತೇವೆ. ಜೊತೆಗೆ ಐದು ದಿನ ಪ್ರೆಡ್ನಿಸೊಲೋನ್ ಮಾತ್ರೆ. ಮೊದಲ ಕಿಮೋ ಮುಗಿಸಿ ಹೋದ ಒಬ್ಬರು ಅದೇ ರಾತ್ರಿ ಫೋನ್ ಮಾಡಿದರು. "ಸಿಸ್ಟರ್, ಮೂತ್ರ ಕೆಂಪಗೆ ಬರ್ತಿದೆ, ರಕ್ತ ಹೋಗ್ತಿದೆಯಾ?" ಅಂತ. ಉರಿ ಇದೆಯಾ, ಗಡ್ಡೆ ಗಡ್ಡೆಯಾಗಿ ಬರ್ತಿದೆಯಾ ಎಂದು ಕೇಳಿದೆ. ಎರಡೂ ಇಲ್ಲ ಅಂದರು. ಅದು ಡಾಕ್ಸೋರುಬಿಸಿನ್ ಬಣ್ಣ. ಔಷಧಿಯೇ ಕೆಂಪು, ಒಂದೆರಡು ದಿನದಲ್ಲಿ ಬಣ್ಣ ಹೋಗುತ್ತದೆ.

ಎರಡು ದಿನ ಕಳೆದ ಮೇಲೂ ಕೆಂಪಾಗಿದ್ದರೆ, ಇಲ್ಲವೇ ಯಾವಾಗಲಾದರೂ ಉರಿಯೋ ಗಡ್ಡೆಯೋ ಕಂಡರೆ ಮಾತು ಬೇರೆ. ಆಗ ಅನುಮಾನ ಸೈಕ್ಲೋಫಾಸ್ಫಮೈಡ್ ಮೇಲೆ. ಇದು ಹಂತ ನೋಡುವುದಿಲ್ಲ. ಕೋಶ ಯಾವ ಹಂತದಲ್ಲಿದ್ದರೂ ಡಿಎನ್‌ಎಗೆ ಅಂಟಿಕೊಂಡು ಕೆಡಿಸುತ್ತದೆ. ದೇಹದಲ್ಲಿ ಇದು ಒಡೆದಾಗ ಆಕ್ರೋಲಿನ್ ಎಂಬ ವಸ್ತು ಹುಟ್ಟಿ ಮೂತ್ರಕೋಶದಲ್ಲಿ ನಿಂತು ಒಳಪೊರೆಯನ್ನು ಸುಡುತ್ತದೆ. ಕಿಮೋ ದಿನ ಚೆನ್ನಾಗಿ ನೀರು ಕುಡಿಯಿರಿ, ಮೂತ್ರ ತಡೆದು ಇಟ್ಟುಕೊಳ್ಳಬೇಡಿ ಎಂದು ಹೇಳುವುದು ಇದಕ್ಕೇ. ಡೋಸ್ ಜಾಸ್ತಿ ಇರುವವರಿಗೆ ಮೆಸ್ನಾ ಎಂಬ ಔಷಧಿಯನ್ನೂ ಕೊಡುತ್ತಾರೆ. ಅದು ಆಕ್ರೋಲಿನ್ ಅನ್ನು ಹಿಡಿದು ಸುಮ್ಮನಾಗಿಸುತ್ತದೆ.

ಇನ್ನು ವಿನ್‌ಕ್ರಿಸ್ಟಿನ್. ಇದು ಎಂ ಹಂತದ ಔಷಧಿ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೆ ಈಚೆ ಎಳೆಯಲು ಸಣ್ಣ ಕೊಳವೆಗಳು ಬೇಕು. ಈ ಔಷಧಿ ಆ ಕೊಳವೆ ಕಟ್ಟಲು ಬಿಡುವುದಿಲ್ಲ. ತೊಂದರೆ ಏನೆಂದರೆ ಅಂಥದೇ ಕೊಳವೆಗಳು ನರಗಳ ಒಳಗೂ ಇವೆ. ನರ ಅವುಗಳ ಮೂಲಕವೇ ತನಗೆ ಬೇಕಾದ್ದನ್ನು ತುದಿಯವರೆಗೆ ಸಾಗಿಸುತ್ತದೆ. ನರಕೋಶ ವಿಭಜನೆ ಆಗುವುದೇ ಇಲ್ಲ, ಆದರೂ ಪೆಟ್ಟು ಅದಕ್ಕೇ. ಉದ್ದದ ನರಗಳು ಮೊದಲು ಸೋಲುವುದರಿಂದ ಕಾಲ್ಬೆರಳು, ಕೈಬೆರಳ ತುದಿ ಜೋಮು ಹಿಡಿಯುತ್ತವೆ. ಕರುಳಿನ ನರ ಮಂಕಾಗಿ ಮಲಬದ್ಧತೆ ಬರುತ್ತದೆ. ರಕ್ತಕಣಗಳಿಗೆ ಮಾತ್ರ ಇದರಿಂದ ಹೊಡೆತ ಕಡಿಮೆ.

ಅದೇ ರೋಗಿ ಮೂರನೇ ಸಲ ಬಂದಾಗ ಶರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ವಯಸ್ಸಾಯ್ತು ಅಂದುಕೊಂಡು ಹೇಳಿರಲಿಲ್ಲ. ಬ್ಲಡ್ ರಿಪೋರ್ಟ್ ಚೆನ್ನಾಗಿಯೇ ಇತ್ತು. ಡಾಕ್ಟರ್ ಹಿಮ್ಮಡಿಯ ಮೇಲೆ ನಡೆಸಿ ನೋಡಿ ವಿನ್‌ಕ್ರಿಸ್ಟಿನ್ ಡೋಸ್ ಇಳಿಸಿದರು. ಲೇಖನದ ಆ ಒಂದು ಸಾಲನ್ನು ನಂಬಿ ಬರೀ ರಕ್ತಕಣ ನೋಡಿದ್ದರೆ ಇದು ತಪ್ಪಿಹೋಗುತ್ತಿತ್ತು, ಅಲ್ವಾ?

ಡಾಕ್ಸೋರುಬಿಸಿನ್‌ನ ಕೆಂಪು ಬಣ್ಣ ಹೆದರಿಸುತ್ತದೆ, ಹೃದಯಕ್ಕೆ ಮಾಡುವ ಹಾನಿ ಬೇಗ ಕಾಣಿಸುವುದಿಲ್ಲ. ಅದು ಕೂಡುತ್ತಾ ಹೋಗುತ್ತದೆ. ದೇಹದ ಮೇಲ್ಮೈಯ ಒಂದು ಚದರ ಮೀಟರ್‌ಗೆ ಸಲಕ್ಕೆ 50 ಮಿಲಿಗ್ರಾಂ, ಆರು ಸಲಕ್ಕೆ 300. ಜೀವಮಾನದ ಲೆಕ್ಕ 450ರಿಂದ 550 ದಾಟಬಾರದು ಎನ್ನುತ್ತಾರೆ. ವರ್ಷಗಳ ನಂತರ ರೋಗ ಮರಳಿದರೂ ಹಳೆಯ 300 ಲೆಕ್ಕದಲ್ಲೇ ಇರುತ್ತದೆ. ಹಳೆಯ ಡಿಸ್ಚಾರ್ಜ್ ಚೀಟಿ ಎಸೆಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಚಾಪ್‌ನಲ್ಲಿ ಇಲ್ಲದ ಎರಡು ಗುಂಪಿನ ಬಗ್ಗೆ ಒಂದು ಮಾತು. ಎಸ್ ಹಂತದ ಮೆಥೋಟ್ರೆಕ್ಸೇಟ್, ಡಿಎನ್‌ಎ ನಕಲು ಮಾಡುತ್ತಿರುವ ಕೋಶವನ್ನು ಹಿಡಿಯುತ್ತದೆ. ಬಾಯಿ, ಕರುಳಿನ ಪೊರೆಗಳು ಸದಾ ಹೊಸದಾಗುತ್ತಿರುವುದರಿಂದ ಬಾಯಿಹುಣ್ಣು, ಭೇದಿ, ರಕ್ತಕಣ ಇಳಿಯುವುದು ಇದರ ಗುರುತು. ಇದು ದೇಹದಲ್ಲಿ ಎಷ್ಟು ಹೊತ್ತು ಉಳಿಯಿತು ಎಂಬುದು ಬಹಳ ಮುಖ್ಯ. ದೊಡ್ಡ ಡೋಸ್ ಆದ ಮೇಲೆ ಕೇಳದೆ ಐಬುಪ್ರೊಫೇನ್ ಎಂಬ ನೋವಿನ ಮಾತ್ರೆ ತಿಂದರೆ ಮೆಥೋಟ್ರೆಕ್ಸೇಟ್ ಕಿಡ್ನಿಯಿಂದ ಹೊರಹೋಗುವುದು ತಡವಾಗಿ ವಿಷವಾಗಬಹುದು. ನಕಲು ಮುಗಿದು ಕೋಶ ಎರಡಾಗಲು ಸಿದ್ಧವಾಗುವ ಜಿ2 ಹಂತದ ಬ್ಲಿಯೋಮೈಸಿನ್ ರಕ್ತಕಣಗಳನ್ನು ಹೆಚ್ಚು ಮುಟ್ಟುವುದಿಲ್ಲ, ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಅದನ್ನು ತೆಗೆದುಕೊಳ್ಳುವವರಿಗೆ ಒಣಕೆಮ್ಮು ಬಂದರೆ ಶೀತ ಎಂದು ಸುಮ್ನೆ ಕೂರಬಾರದು.

ನಿಮ್ಮ ಪಟ್ಟಿಯನ್ನು ಮತ್ತೆ ಹಾಕುವುದಾದರೆ ಪ್ರತಿ ಔಷಧಿಯ ಎದುರು "ಯಾವುದು ಕಂಡರೆ ಅದೇ ದಿನ ಫೋನ್ ಮಾಡಬೇಕು" ಎಂಬ ಒಂದು ಕಾಲಂ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ಕಿಮೋ ವಾರ್ಡಿನ ಒಬ್ಬ ನರ್ಸ್