ಪೋಸ್ಟರ್ ಪಕ್ಕ ನಾಲ್ಕು ಸಾಲು ವಿವರಣೆ ಇರಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಶಾಲೆಯೊಂದರಲ್ಲಿ ನಡೆದ ಹಳೆಯ ಯುದ್ಧ ಪೋಸ್ಟರ್‌ಗಳ ಪ್ರದರ್ಶನದ ವರದಿ ಓದಿದೆ. ಚಿತ್ರದ ಕೆಳಗೆ ಸುಮ್ನೆ ಹೆಸರು, ಇಸವಿ ಹಾಕಿದರೆ ಮಕ್ಕಳಿಗೆ ಏನು ತಿಳಿಯುತ್ತದೆ?

1915ರ ಬ್ರಿಟಿಷ್ ಪೋಸ್ಟರ್ ಒಂದಿದೆ. ಯುದ್ಧ ಮುಗಿದ ಮೇಲಿನ ಮನೆಯೊಂದನ್ನು ಕಲ್ಪಿಸಿಕೊಂಡು ಬಿಡಿಸಿದ ಚಿತ್ರ ಅದು. ತೊಡೆ ಮೇಲೆ ಕೂತ ಮಗಳು, 'ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?' ಎಂದು ಕೇಳುತ್ತಾಳೆ. ಕೆಳಗೆ ಮಗ ಆಟಿಕೆ ಸೈನಿಕರನ್ನು ಜೋಡಿಸುತ್ತಿದ್ದಾನೆ. ಅಪ್ಪ ಮಗಳತ್ತ ನೋಡುವುದಿಲ್ಲ, ನಮ್ಮತ್ತ ನೋಡುತ್ತಾನೆ. ಶತ್ರುವಿನ ಸುಳಿವೇ ಇಲ್ಲ! ಆಗ ಅಲ್ಲಿ ಕಡ್ಡಾಯ ಸೇನಾ ಭರ್ತಿ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಹಾಗಾಗಿ ಗಂಡಸರು ತಾವಾಗಿಯೇ ಸೇನೆಗೆ ಸೇರಲಿ ಎಂದು, ಮಕ್ಕಳ ಮುಂದೆ ತಲೆ ತಗ್ಗಿಸುವ ಭಯವನ್ನೇ ಅವರ ಮೇಲೆ ಹೇರಿದರು.

ಮುಂದಿನ ಪ್ರದರ್ಶನದಲ್ಲಿ ಪೋಸ್ಟರ್ ಯಾರಿಗಾಗಿ, ಯಾವ ಭಾವನೆ ಕೆರಳಿಸಲು ಮಾಡಿದ್ದು ಎಂದು ಪಕ್ಕದಲ್ಲೇ ಕನ್ನಡದಲ್ಲಿ ಬರೆಯಲಿ.

– ಒಬ್ಬ ಪೋಷಕ, ಕಲಬುರಗಿ